ಅಮ್ಮನ ‘ಇಷ್ಟು’ ಅಂದರೆ ಎಷ್ಟು: ಒಂದು ಹಪ್ಪಳದ ವಿಡಿಯೊ ರಿಪೇರಿ

ಹೋದ ವರ್ಷ ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ ಹಲಸಿನ ಹಪ್ಪಳ ಮಾಡುವುದನ್ನು ಫೋನಿನಲ್ಲಿ ಹಿಡಿದು, 7 ನಿಮಿಷ 40 ಸೆಕೆಂಡಿನ ವಿಡಿಯೊ ಮಾಡಿದ್ದೆ. ನೆಂಟರ ಗುಂಪಿನಲ್ಲಿ ಓಡಾಡಿತು, ಎಲ್ಲರೂ ಹೊಗಳಿದರು, ನಾನೂ ಮರೆತೆ. ಈ ಸಲ ಹಲಸು ಬಲಿಯುವ ಹೊತ್ತಿಗೆ ದೊಡ್ಡಮ್ಮನ ಫೋನ್ ಬಂತು.

“ಮಾರಾಯ, ನಿಮ್ಮಮ್ಮ ಇಷ್ಟು ಹಾಕಬೇಕು, ಹಿಂಗ್ ಒತ್ತಬೇಕು ಅಂತಾಳಲ್ಲ, ಎಷ್ಟು? ಹೆಂಗೆ? ನಂಗೆ ಕೈ ಓಡಾಡೋದು ಮಾತ್ರ ಕಾಣ್ಸುತ್ತೆ.”

ದೊಡ್ಡಮ್ಮನಿಗೆ 71. ಎರಡೂ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆದಿದೆ. ಚೆನ್ನಾಗಿರುವ ಕಣ್ಣಿನದೇ ದೃಷ್ಟಿ 6/60 ಎಂದು ಚೀಟಿಯಲ್ಲಿದೆ: ಸರಿ ಕಣ್ಣಿನವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಅವರು 6 ಮೀಟರಿಗೆ ಬಂದು ಓದಬೇಕು. ಎದುರಿಗೆ ಏನಿದೆಯೋ ಅದೇ ಮಸುಕು, ಅಕ್ಕಪಕ್ಕದ್ದು ಕಾಣುತ್ತದೆ. ಹಾಗಾಗಿ ಫೋನನ್ನು ಓರೆಯಾಗಿ ಹಿಡಿದು ಕಣ್ಣಂಚಿನಿಂದ ನೋಡುತ್ತಾರೆ. ಪೂರ್ತಿ ಕುರುಡಲ್ಲ, ಪೂರ್ತಿ ಕಾಣುವುದೂ ಇಲ್ಲ. ಅವರಿಗೆ ಅರ್ಥವಾಗುವ ಹಾಗೆ ವಿಡಿಯೊ ತಿದ್ದಲು ಹೊರಟಾಗ ಈ ನಡುವಿನ ಸ್ಥಿತಿಯೇ ಆರು ವಾರ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ್ದು.

ಇನ್ನೊಬ್ಬ ಪರೀಕ್ಷಕ ಶಿವಮೊಗ್ಗದ ಗೆಳೆಯ, ಬ್ಯಾಂಕ್ ಉದ್ಯೋಗಿ. ಅವನಿಗೆ ರೆಟಿನೈಟಿಸ್ ಪಿಗ್ಮೆಂಟೋಸ. ದೊಡ್ಡಮ್ಮನಿಗೆ ತದ್ವಿರುದ್ಧ: ನಡುವಿನದು ಸ್ಪಷ್ಟ, ಸುತ್ತಲಿನದು ಇಲ್ಲ. ಕೊಳವೆಯಲ್ಲಿ ನೋಡಿದ ಹಾಗೆ. ಒಬ್ಬರನ್ನೇ ನಂಬಿಕೊಂಡಿದ್ದರೆ ನಾನು ತಪ್ಪು ವಿಡಿಯೊ ಮಾಡಿ ಮುಗಿಸಿರುತ್ತಿದ್ದೆ.

ಏಪ್ರಿಲ್ 6: ಪರದೆ ಮುಚ್ಚಿ ಕೇಳಿದ್ದು

ಮೊದಲ ಕೆಲಸ ಸುಲಭದ್ದು, ಆದರೆ ಮುಜುಗರದ್ದು. ಲ್ಯಾಪ್‌ಟಾಪಿನ ಪರದೆಗೆ ಟವೆಲ್ ಹೊದಿಸಿ, ನನ್ನದೇ ವಿಡಿಯೊವನ್ನು ಬರೀ ಕಿವಿಯಲ್ಲಿ ಕೇಳಿದೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಕೊಂಡೆ: ಅಮ್ಮ ಇದು, ಹಿಂಗೆ, ಇಷ್ಟು, ಇಲ್ಲಿ ಎಂದ ಕಡೆಯೆಲ್ಲ ಸಮಯ, ಏನೂ ಹೇಳದೆ ಏನೋ ಮಾಡುತ್ತಿದ್ದ ಕಡೆಯೆಲ್ಲ ಸಮಯ. ಒಟ್ಟು 31 ಕಡೆ ಅರ್ಥ ಕೈಬಿಟ್ಟು ಹೋಗಿತ್ತು. “ಇದು ಹಿಂಗ್ ಆದ್ಮೇಲೆ ಇದಕ್ಕೆ ಇಷ್ಟು ಹಾಕ್ಬೇಕು” ಎಂಬ ಒಂದು ವಾಕ್ಯದಲ್ಲೇ ನಾಲ್ಕು.

ಆಮೇಲೆ, ಕಾಣದ್ದನ್ನು ಮಾತಿನಲ್ಲಿ ಹೇಳುವ ನನ್ನ ವಿವರಣೆ ತುರುಕಲು ಮಾತಿಲ್ಲದ ಜಾಗ ಎಷ್ಟಿದೆ ಎಂದು ಎಫ್ಎಫ್ಎಂಪೆಗ್ ಎಂಬ ಸಲಕರಣೆಯಿಂದ ಹುಡುಕಿದೆ.

```
ffmpeg -i happala.mp4 -af silencedetect=noise=-35dB:d=2 -f null -
```

ಎರಡು ಸೆಕೆಂಡಿಗಿಂತ ಉದ್ದದ ಮೌನವನ್ನೆಲ್ಲ ಇದು ಪಟ್ಟಿ ಮಾಡಿ ಕೊಡಬೇಕು. ಒಂದೂ ಸಿಗಲಿಲ್ಲ. ಅರ್ಧ ಗಂಟೆ ಡೆಸಿಬೆಲ್ ಅಂಕಿ ತಿದ್ದಿ ತಿದ್ದಿ ಸುಸ್ತಾದ ಮೇಲೆ ಹೊಳೆಯಿತು: ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ ಹಾಕಿದ್ದೆ, ಅದು ಮೊದಲಿಂದ ಕೊನೆಯವರೆಗೆ ನಿಲ್ಲದೆ ಹರಿಯುತ್ತಿದೆ. ಪುಣ್ಯಕ್ಕೆ ವಿಡಿಯೊ ಎಡಿಟ್ ಮಾಡಿದ ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಕಡತ ಇನ್ನೂ ಡಿಸ್ಕಿನಲ್ಲಿತ್ತು. ಸಂಗೀತದ ಟ್ರ್ಯಾಕ್ ಮುಚ್ಚಿ ಮತ್ತೆ ರೆಂಡರ್ ಮಾಡಿದೆ. ಈಗ ಅದರ ಪಟ್ಟಿ, ನನ್ನ ಕಿವಿ ಎರಡೂ ಸೇರಿ ಮಾತಿಲ್ಲದ 14 ಬಿಡುವು ಸಿಕ್ಕವು. ಸಂಗೀತವನ್ನು ಆಮೇಲೂ ವಾಪಸ್ ಹಾಕಲಿಲ್ಲ. ಅದು ಹೋದದ್ದನ್ನು ಒಬ್ಬರೂ ಗಮನಿಸಿಲ್ಲ.

14ರಲ್ಲಿ ಮೂರನ್ನು ಮುಟ್ಟಬಾರದು ಎಂದು ಗುರುತು ಹಾಕಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆಯ ಸದ್ದು, ಒರಳಿಗೆ ಒನಕೆ ಬೀಳುವ ಸದ್ದು, ಒಣಗಿದ ಹಪ್ಪಳ ಮುರಿದಾಗಿನ ಪಟ್. ಒನಕೆಯ ಸದ್ದು ಮೊದಲು ಟಣಟಣ ಇದ್ದು ಹಿಟ್ಟು ನುಣ್ಣಗಾಗುತ್ತ ಬಂದ ಹಾಗೆ ದಪ್ಪಗಾಗುತ್ತದೆ. ಅದರ ಮೇಲೆ ನಾನು ಮಾತಾಡಿದರೆ ಇರುವ ಮಾಹಿತಿಯನ್ನೂ ಕಿತ್ತುಕೊಂಡ ಹಾಗೆ.

ಏಪ್ರಿಲ್ 12–13: ಬರೆದದ್ದು, ಹೊಡೆದುಹಾಕಿದ್ದು

ಉಳಿದ 11 ಬಿಡುವಿಗೆ ವಿವರಣೆ ಬರೆಯಲು ಕೂತೆ. ಮೊದಲ ಕರಡಿನಿಂದ ಒಂದು ಮಾದರಿ:

“ಅಮ್ಮ ಬಲಗೈಯಲ್ಲಿ ಎಣ್ಣೆ ಸವರಿದ ನಿಂಬೆ ಗಾತ್ರದ ಹಳದಿ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯ ಮಧ್ಯದಲ್ಲಿ ಇಡುತ್ತಾರೆ.”

ಓದಲು ಚೆನ್ನಾಗಿದೆ. ಆದರೆ 39 ಅಕ್ಷರ. ನಾನು ನಿಧಾನವಾಗಿ, ಕೇಳುವವರಿಗೆ ಹಿತವಾಗುವ ಹಾಗೆ ಓದಿದರೆ ಸೆಕೆಂಡಿಗೆ ಸುಮಾರು 6 ಅಕ್ಷರ; ಗಡಿಯಾರ ಇಟ್ಟುಕೊಂಡು ಹತ್ತು ಸಲ ಓದಿ ಅಳೆದದ್ದು. ಅಂದರೆ ಈ ವಾಕ್ಯಕ್ಕೆ ಆರೂವರೆ ಸೆಕೆಂಡ್ ಬೇಕು. ಬಿಡುವು ಇದ್ದದ್ದು ಮೂರೂವರೆ ಸೆಕೆಂಡ್. ಇಂಗ್ಲಿಷಿನಲ್ಲಿ ಪದ ಎಣಿಸುತ್ತಾರಂತೆ. ಕನ್ನಡದಲ್ಲಿ ಪದ ಎಣಿಸಿದರೆ ಮೋಸ ಹೋಗುತ್ತೇವೆ, ‘ಇಟ್ಟುಕೊಳ್ಳುತ್ತಿದ್ದಾರೆ’ ಕೂಡ ಒಂದೇ ಪದ. ಅಕ್ಷರವನ್ನೇ ಎಣಿಸಬೇಕು.

ಉದ್ದಕ್ಕಿಂತ ದೊಡ್ಡ ತೊಂದರೆ ಕ್ರಿಯಾಪದದ್ದು. ಕನ್ನಡದಲ್ಲಿ ಅದು ವಾಕ್ಯದ ತುದಿಯಲ್ಲಿ ಬರುತ್ತದೆ. ‘ಹಾಳೆಯ ಮಧ್ಯದಲ್ಲಿ ಇಡುತ್ತಾರೆ’ ಎಂದು ಮುಗಿಸುವ ಹೊತ್ತಿಗೆ ಅಮ್ಮ ಉಂಡೆ ಇಟ್ಟು, ಮಣೆ ಮುಚ್ಚಿ, ಒತ್ತಿಯೂ ಆಗಿರುತ್ತದೆ. ಏನೂ ಕಾಣದವರಿಗೆ ಇದು ಅಷ್ಟಾಗಿ ಕಾಡಲಿಕ್ಕಿಲ್ಲ. ಆದರೆ ದೊಡ್ಡಮ್ಮನಿಗೆ ಕೈ ಕಾಣುತ್ತದೆ. ಕಿವಿ ‘ಇಡುತ್ತಾರೆ’ ಎನ್ನುವಾಗ ಕಣ್ಣು ಒತ್ತುವುದನ್ನು ನೋಡಿದರೆ ಎರಡೂ ಸೇರಿ ಗೊಂದಲ. ಅವರಿಗೆ ಬೇಕಾದದ್ದು ಎಲ್ಲಿ ನೋಡಬೇಕು ಎಂಬ ಸುಳಿವು, ಅದೂ ಕೆಲಸ ನಡೆಯುವುದಕ್ಕಿಂತ ಅರ್ಧ ಸೆಕೆಂಡ್ ಮೊದಲು. ನೋಡಿದ್ದು ಏನು ಎಂಬುದನ್ನು ಅವರ ಕಣ್ಣೇ ಅರ್ಧ ತುಂಬಿಕೊಳ್ಳುತ್ತದೆ.

ತಿದ್ದಿದ ಮೇಲೆ ಹೀಗಾಯಿತು: “ಹಾಳೆಯ ನಡುವೆ, ನಿಂಬೆ ಗಾತ್ರದ ಉಂಡೆ.” 13 ಅಕ್ಷರ, ಎರಡು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಕ್ರಿಯಾಪದವೇ ಇಲ್ಲ. ಹಳದಿ, ಬಲಗೈ, ಎಣ್ಣೆ ಎಲ್ಲ ಹೋಯಿತು. ಎಣ್ಣೆಯ ಮಾತು ಹಿಂದಿನ ದೃಶ್ಯದಲ್ಲೇ ಬಂದಿತ್ತು. ಇದೇ ಅಚ್ಚಿನಲ್ಲಿ ಉಳಿದವೂ: “ಎಡಗಡೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ.” “ಬೆರಳಿಗೆ ಹಲಸಿನ ಮೇಣ, ದಾರದ ಹಾಗೆ.” ಜಾಗ ಮೊದಲು, ವಸ್ತು ಆಮೇಲೆ.

ಹೀಗೆ ಕತ್ತರಿಸಿದರೂ 31ರಲ್ಲಿ 11 ಮಾತ್ರ ಬಗೆಹರಿದವು. ಇನ್ನು ಮೂರು ಇಲ್ಲದಿದ್ದರೂ ನಡೆಯುತ್ತದೆ, ಬಿಟ್ಟೆ. ಉಳಿದ 17ಕ್ಕೆ ಜಾಗವೇ ಇಲ್ಲ, ಏಕೆಂದರೆ ಅಲ್ಲೆಲ್ಲ ಅಮ್ಮ ಮಾತಾಡುತ್ತಲೇ ಇದ್ದಾರೆ. ಮಾತು ಧಾರಾಳ, ಅದರೊಳಗೆ ಅಳತೆ ಒಂದೂ ಇಲ್ಲ.

ಏಪ್ರಿಲ್ 19: ಅಮ್ಮನಿಂದಲೇ ಮತ್ತೆ ಹೇಳಿಸಿದ್ದು

ಇದನ್ನು ಮೊದಲೇ ಮಾಡಬೇಕಿತ್ತು. ಅಮ್ಮನ ಮಾತಿನ ಸಂದಿಯಲ್ಲಿ ನನ್ನ ಮಾತು ತುರುಕುವ ಬದಲು ಅಮ್ಮನ ಮಾತನ್ನೇ ಬದಲಾಯಿಸಿದರೆ ಬಿಡುವು ಹುಡುಕುವ ಕೆಲಸವೇ ಇಲ್ಲ. ವಿಡಿಯೊದಲ್ಲಿ ಅಮ್ಮನ ಮುಖ ಎಲ್ಲೂ ಬರುವುದಿಲ್ಲ, ಬರೀ ಕೈ. ಹಾಗಾಗಿ ತುಟಿ ಹೊಂದಿಸುವ ರಗಳೆ ಇರಲಿಲ್ಲ.

ಅಮ್ಮನಿಗೆ ವಿಡಿಯೊ ತೋರಿಸಿ, “ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳ್ತಾ ಇದ್ದೀಯ ಅಂದ್ಕೊ” ಎಂದೆ. ಅಷ್ಟೇ ಸಾಕಾಯಿತು. ಬರೆದು ಕೊಟ್ಟದ್ದನ್ನು ಓದು ಎಂದಾಗ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಓದಿದ್ದರು. ಅಕ್ಕನಿಗೆ ಹೇಳು ಎಂದ ಕೂಡಲೇ “ಸೊಳೆ ಬೆಂದಿದೆಯಾ ಅಂತ ನೋಡಕ್ಕೆ ಹೆಬ್ಬೆಟ್ಟಲ್ಲಿ ಒತ್ತಕ್ಕ, ಬೆಣ್ಣೆ ಹಂಗೆ ಗುಳಿ ಬೀಳಬೇಕು, ನಾರು ಸಿಗಬಾರದು” ಎಂದು ತಾನಾಗೇ ಬಂತು. ಹಳೆಯ ವಿಡಿಯೊದಲ್ಲಿ ಅದೇ ಜಾಗದಲ್ಲಿ ಇದ್ದದ್ದು “ಹಿಂಗ್ ಆಗಬೇಕು” ಎಂದು. 12 ಕಡೆ ಹೀಗೆ ಬದಲಾಯಿಸಿದೆವು.

ಒಂದು ಸಣ್ಣ ಮೈಕ್ 650 ರೂಪಾಯಿಗೆ ತಂದಿದ್ದೆ. ಅಮ್ಮನ ಸೀರೆಯ ಸೆರಗಿಗೆ ಸಿಕ್ಕಿಸಿದೆ, ಮೊದಲ ಅರ್ಧ ಗಂಟೆಯ ರೆಕಾರ್ಡಿಂಗ್ ತುಂಬ ಬಳೆಯ ಸದ್ದು. ಬಳೆ ತೆಗೆ ಎನ್ನುವ ಧೈರ್ಯ ಇರಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊ ಎಂದೆ. ಕೈ ಆಡಿಸದೆ ಅಮ್ಮನಿಗೆ ಮಾತಾಡಲು ಬರುವುದಿಲ್ಲ ಎಂದು ಆವತ್ತು ಗೊತ್ತಾಯಿತು. ಕೊನೆಗೆ ಮಣಿಕಟ್ಟಿಗೆ ಕರ್ಚೀಫು ಕಟ್ಟಿ ಬಳೆಯ ಬಾಯಿ ಮುಚ್ಚಿಸಿದೆವು. ಹಳೆಯದು ಅಡುಗೆಮನೆಯ ದನಿ, ಹೊಸದು ಕೋಣೆಯ ದನಿ; ಬೆಸುಗೆ ಹಾಕಿದ ಜಾಗ ಕಿವಿಗೆ ಗೊತ್ತಾಗುತ್ತದೆ. ಹೊಸ ಮಾತಿನ ಅಡಿಗೆ ಹಳೆಯ ಅಡುಗೆಮನೆಯ ಗುಂಯ್‌ಗುಡುವಿಕೆಯನ್ನು ಹರಡಿದ ಮೇಲೆ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ.

ನನ್ನ 11 ಸಾಲುಗಳನ್ನು ಬೀರುವಿನ ಮುಂದೆ ಕೂತು, ತಲೆ ಮೇಲೆ ಕಂಬಳಿ ಹೊದ್ದು, ಫ್ಯಾನ್ ಆರಿಸಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿದೆ. ಹೇಳುವವರು ಹೆಂಗಸು, ವಿವರಿಸುವವನು ಗಂಡಸು ಆದದ್ದು ಅನುಕೂಲವೇ ಆಯಿತು; ಯಾರ ಮಾತು ಯಾವುದು ಎಂದು ಯಾರೂ ಕೇಳಲಿಲ್ಲ. ನನ್ನ ದನಿ ಬಂದಾಗ ಹಿಂದಿನ ಸದ್ದು ತಾನಾಗಿ ತಗ್ಗಲಿ ಎಂದು ಎಫ್ಎಫ್ಎಂಪೆಗ್‌ನ `sidechaincompress` ಹಾಕಿ ನೋಡಿದೆ. ಮಾತಿನ ನಡುವೆ ಉಸಿರು ತೆಗೆದಲ್ಲೆಲ್ಲ ಒನಕೆಯ ಸದ್ದು ಧುತ್ತೆಂದು ಎದ್ದು ಬರುತ್ತಿತ್ತು. ಅದನ್ನು ಕಿತ್ತುಹಾಕಿ, 11 ಕಡೆಯೂ ಕೈಯಾರೆ ಹಿನ್ನೆಲೆಯನ್ನು 12 ಡೆಸಿಬೆಲ್ ಇಳಿಸಿದೆ. ಒಂದೂವರೆ ಗಂಟೆಯ ಕೆಲಸ, ಫಲಿತಾಂಶ ನೆಮ್ಮದಿಯದು.

ಏಪ್ರಿಲ್ 26: “ನೆಟ್ ಹೋಯ್ತಾ?”

ಇನ್ನೂ ಐದು ಕಡೆ ಬಾಕಿ. ಅಲ್ಲಿ ಅಮ್ಮನ ಮಾತೂ ಬೇಕು, ವಿವರಣೆಯೂ ಉದ್ದ: ಒತ್ತುವ ಮಣೆಯ ರಚನೆ, ಹಾಳೆಯಿಂದ ಹಪ್ಪಳ ಬಿಡಿಸುವ ರೀತಿ, ಅಂಥವು. ಇಂಥಲ್ಲಿ ಚಿತ್ರವನ್ನು ನಿಲ್ಲಿಸಿ, ವಿವರಣೆ ಮುಗಿಸಿ, ಮತ್ತೆ ಮುಂದುವರಿಸುವುದು ರೂಢಿ. ಕೆಡೆನ್‌ಲೈವ್‌ನಲ್ಲಿ ಆ ಫ್ರೇಮನ್ನು ಚಿತ್ರವಾಗಿ ತೆಗೆದು ನಡುವೆ ಸೇರಿಸಿದೆ. ಐದೂ ಸೇರಿ 48 ಸೆಕೆಂಡ್ ಹೆಚ್ಚಾಯಿತು.

ದೊಡ್ಡಮ್ಮನಿಗೆ ಕಳಿಸಿದೆ. ಮೊದಲ ನಿಲುಗಡೆ ಬಂದ ಕೂಡಲೇ ಫೋನ್: “ಕೈ ನಿಂತೋಯ್ತು, ನೆಟ್ ಹೋಯ್ತಾ?” ನನ್ನ ದನಿ ಬರುತ್ತಿದ್ದರೂ ಅವರು ಪರದೆಯನ್ನು ಕುಟ್ಟುತ್ತಿದ್ದರಂತೆ; ಕುಟ್ಟಿದ್ದರಿಂದ ವಿಡಿಯೊ ನಿಜವಾಗಿಯೂ ನಿಂತಿತು. ಅವರು ಪರದೆಯಲ್ಲಿ ಹಿಂಬಾಲಿಸುವುದು ಚಲನೆಯನ್ನು. ಕೈ ಆಡುತ್ತಿದ್ದರೆ ಕಣ್ಣಂಚು ಅದನ್ನು ಹಿಡಿಯುತ್ತದೆ, ನಿಂತರೆ ಚಿತ್ರ ಮಸುಕಿನಲ್ಲಿ ಕರಗಿಬಿಡುತ್ತದೆ. ಜೊತೆಗೆ ನಿಂತ ಚಿತ್ರದ ಅಡಿಯಲ್ಲಿ ಹಿನ್ನೆಲೆಯ ಸದ್ದೂ ಸತ್ತುಹೋಗಿತ್ತು, ಕರೆ ಕಡಿದ ಹಾಗೆ.

ಹಾಗಾಗಿ ನಿಂತ ಫ್ರೇಮ್ ತೆಗೆದು, ಅದೇ ದೃಶ್ಯವನ್ನು ಅರ್ಧ ವೇಗದಲ್ಲಿ ಎರಡು ಸಲ ಓಡಿಸಿದೆ. ಅಡಿಯಲ್ಲಿ ಅಡುಗೆಮನೆಯ ಸದ್ದನ್ನೂ ಎಳೆದೆ. ಒಟ್ಟು ಉದ್ದ 8 ನಿಮಿಷ 28 ಸೆಕೆಂಡ್. ಆಮೇಲೆ ಯಾರೂ ನೆಟ್ ಬಗ್ಗೆ ಕೇಳಿಲ್ಲ.

ಮೇ 1–3: ಅಕ್ಷರ

ಹಳೆಯ ವಿಡಿಯೊದ ಅಕ್ಷರ ನೋಡಿದರೆ ಈಗ ನಾಚಿಕೆಯಾಗುತ್ತದೆ. ಸಪೂರ ಬಿಳಿ ಅಕ್ಷರ, ಸೈಜು 42, ಹಿಂದೆ ಪಟ್ಟಿ ಇಲ್ಲ, ನೇರ ಹಿಟ್ಟಿನ ಮೇಲೆ. ಸ್ಕ್ರೀನ್‌ಶಾಟ್ ತೆಗೆದು ಜಿಂಪ್‌ನ ಬಣ್ಣ ಹೆಕ್ಕುವ ಕಡ್ಡಿಯಿಂದ ಹಿಟ್ಟಿನ ಬಣ್ಣ ನೋಡಿದೆ: `#E8C95A`. ಬಿಳಿಗೂ ಇದಕ್ಕೂ ಕಾಂಟ್ರಾಸ್ಟ್ ಅನುಪಾತ 1.6. ವೆಬ್ಬಿನ ಸುಲಭಲಭ್ಯತೆಯ ನಿಯಮಾವಳಿ ಡಬ್ಲ್ಯುಸಿಎಜಿ ಸಾಮಾನ್ಯ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3, ಮೇಲಿನ ದರ್ಜೆಗೆ 7.

ಅಳತೆ ಇನ್ನೂ ಕೆಟ್ಟದಿತ್ತು. ದೊಡ್ಡಮ್ಮ ಫೋನನ್ನು ಅಡ್ಡ ಮಾಡುವುದೇ ಇಲ್ಲ, ನೇರವಾಗೇ ಹಿಡಿದು ನೋಡುತ್ತಾರೆ. ಆರೂವರೆ ಇಂಚಿನ ಫೋನಿನಲ್ಲಿ ಹಾಗೆ ನೋಡಿದರೆ ವಿಡಿಯೊದ ಎತ್ತರ 38 ಮಿಲಿಮೀಟರ್. 1080 ಪಿಕ್ಸೆಲ್ ಎತ್ತರದಲ್ಲಿ 42 ಅಂದರೆ ಅಲ್ಲಿ ಒಂದೂವರೆ ಮಿಲಿಮೀಟರ್. ಅದರಲ್ಲೂ ಮೇಲಿನ ಗುಡಿಸು, ಕೆಳಗಿನ ಒತ್ತು ಇವಕ್ಕೆಲ್ಲ ಜಾಗ ಹೋಗಿ ಅಕ್ಷರದ ಮೈಗೆ ಉಳಿಯುವುದು ಸುಮಾರು ಅರ್ಧ. ಸಾಸಿವೆ ಕಾಳಿಗಿಂತ ಚಿಕ್ಕದು.

ಎಡಿಟರಿನ ಶೀರ್ಷಿಕೆ ಸಲಕರಣೆ ಬಿಟ್ಟು, ಎಎಸ್ಎಸ್ ಎಂಬ ಬಗೆಯ ಸಬ್‌ಟೈಟಲ್ ಕಡತ ಬರೆದು ಎಫ್ಎಫ್ಎಂಪೆಗ್‌ನಿಂದ ಚಿತ್ರದ ಮೇಲೇ ಸುಡುವುದೆಂದು ತೀರ್ಮಾನಿಸಿದೆ. ಆ ದಾರಿಯಲ್ಲಿ ಕನ್ನಡದ ಒತ್ತಕ್ಷರ ಮುರಿಯದೆ ಕೂರುತ್ತದೆ, ಎಲ್ಲ ಸಾಲಿಗೂ ಒಂದೇ ಶೈಲಿ ಸಿಗುತ್ತದೆ. ಮೂರು ತಪ್ಪು ಮಾಡಿದೆ, ಮೂರೂ ಬೇರೆಯವರಿಗೆ ಆಗುವಂಥವೇ.

ಒಂದು: ಕಡತದ ತಲೆಯಲ್ಲಿ `PlayResX: 1920`, `PlayResY: 1080` ಬರೆಯಲಿಲ್ಲ. ಬರೆಯದಿದ್ದರೆ ಪರದೆಯ ಎತ್ತರ 288 ಎಂದು ಅದು ಭಾವಿಸುತ್ತದೆ. ‘ಉಪ್ಪು’ ಎಂಬ ಎರಡಕ್ಷರ ಅಮ್ಮನ ಎರಡೂ ಕೈಗಳನ್ನು ನುಂಗಿತು.

ಎರಡು: ಬಣ್ಣದ ಅಂಕಿ ಇಲ್ಲಿ ಹಿಂದುಮುಂದು, ಮೊದಲು ಪಾರದರ್ಶಕತೆ, ಆಮೇಲೆ ನೀಲಿ, ಹಸಿರು, ಕೆಂಪು. ಪಾರದರ್ಶಕತೆಯೂ ಉಲ್ಟಾ: `00` ಅಂದರೆ ಗಟ್ಟಿ, `FF` ಅಂದರೆ ಮಾಯ. ಮುಕ್ಕಾಲು ಗಟ್ಟಿ ಕಪ್ಪು ಪಟ್ಟಿ ಬೇಕೆಂದು `C0` ಹಾಕಿದೆ, ಮುಕ್ಕಾಲು ಮಾಯವಾದ ಪಟ್ಟಿ ಬಂತು. ಬೇಕಾದದ್ದು `40`.

ಮೂರು: ಪಟ್ಟಿ ಅರ್ಧ ಗಟ್ಟಿ ಇದ್ದರೆ ಸಾಕು, ಹಿಂದಿನ ಚಿತ್ರವೂ ಕಾಣಲಿ ಎಂದು ಲೋಭ ಮಾಡಿದ್ದು. ಬಿಳಿ ಬಟ್ಟೆಯ ಮೇಲೆ ಅರ್ಧ ಗಟ್ಟಿ ಕಪ್ಪು ಬಿದ್ದರೆ ಸಿಗುವುದು ಬೂದಿ. ಅದರ ಮೇಲೆ ಬಿಳಿ ಅಕ್ಷರದ ಅನುಪಾತ 3.95. ಮುಕ್ಕಾಲು ಗಟ್ಟಿ ಮಾಡಿದಾಗ 10.4. ಹಿಂದೆ ಎಷ್ಟೇ ಬೆಳ್ಳಗಿದ್ದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೊನೆಗೆ ಅಕ್ಷರಕ್ಕೆ ಹಳದಿ ಹಾಕಿದೆ, 9.7, ದೊಡ್ಡಮ್ಮನಿಗೆ ಹಳದಿಯೇ ಹಿತ. ನಿಂತ ಶೈಲಿ ಇದು:

```
Style: Dodda,Noto Sans Kannada,120,&H0000FFFF,&H0000FFFF,&H40000000,&H40000000,-1,0,0,0,100,100,0,0,3,14,0,2,60,60,50,1
```

ಹಿಂದಿನಿಂದ ಎಂಟನೆಯ ಅಂಕಿ 3 ಅಂದರೆ ಅಕ್ಷರದ ಸುತ್ತ ಪಟ್ಟಿ, ಅದರ ಮುಂದಿನ 14 ಪಟ್ಟಿಯ ಅಂಚು. ಅಂಚು 4 ಇಟ್ಟಿದ್ದಾಗ ಪಟ್ಟಿ ಅಕ್ಷರಕ್ಕೆ ಅಂಟಿಕೊಂಡು, ‘ಕೊಬ್ಬರಿ’ಯ ಒತ್ತು ಪಟ್ಟಿಯ ತಳದ ಗೆರೆಗೆ ತಾಗಿ ಏನೆಂದೇ ತಿಳಿಯುತ್ತಿರಲಿಲ್ಲ.

ಎರಡು ಸಾಲು ಬರೆಯುವ ಆಸೆಯನ್ನೂ ಬಿಟ್ಟೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತು, ‘ಉಪ್ಪು’ವಿನ ಒತ್ತು ಕೆಳಗಿದ್ದ ‘ಮೆಣಸಿ’ಗೆ ಅಂಟಿ ಇನ್ನೊಂದೇ ಅಕ್ಷರ ಹುಟ್ಟಿತ್ತು. ಸಾಲಿನ ಅಂತರ ಹೆಚ್ಚಿಸುವ ಗುಂಡಿ ಎಎಸ್ಎಸ್‌ನಲ್ಲಿ ಇಲ್ಲ. ಒಂದು ಸಲಕ್ಕೆ ಒಂದೇ ಸಾಲು. ‘ಉಪ್ಪು 2 ಚಮಚ’ ಹೋದ ಮೇಲೆ ‘ಒಣಮೆಣಸು 12’.

ಮೇ 4: ಶಿವಮೊಗ್ಗ

ದೊಡ್ಡಮ್ಮನಿಗಾಗಿ ಸೈಜು 160 ಮಾಡಿ ಇಟ್ಟುಕೊಂಡಿದ್ದೆ. ದೊಡ್ಡದಾದಷ್ಟೂ ಒಳ್ಳೆಯದು ಎಂಬ ಹುಮ್ಮಸ್ಸು. ಗೆಳೆಯ ತನ್ನ ಫೋನಿನಲ್ಲಿ ಹಾಕಿ ನೋಡಿ ನಕ್ಕ. “ನನಗೆ ‘ಣಮೆ’ ಕಾಣ್ತಿದೆ. ಉಳಿದದ್ದು ಎಲ್ಲಿ?” ಅವನ ಕೊಳವೆಯೊಳಗೆ ಮೂರು ಅಕ್ಷರವೂ ಹಿಡಿಯುತ್ತಿರಲಿಲ್ಲ, ಸಾಲು ಓದಲು ತಲೆಯನ್ನು ಎಡದಿಂದ ಬಲಕ್ಕೆ ಆಡಿಸಬೇಕು, ಅಷ್ಟರಲ್ಲಿ ಅಕ್ಷರ ಹೋಗಿರುತ್ತದೆ. ಅವನಿಗೆ ಚಿಕ್ಕ ಅಕ್ಷರವೇ ವಾಸಿ, ಕಾಂಟ್ರಾಸ್ಟ್ ಇದ್ದರೆ ಸಾಕು.

ಇಬ್ಬರಿಗೂ ಒಂದೇ ಅಳತೆ ಹೊಂದುವುದಿಲ್ಲ. 120ಕ್ಕೆ ರಾಜಿ ಮಾಡಿಕೊಂಡು, ಸಾಲನ್ನು 12 ಅಕ್ಷರದೊಳಗೆ ಹಿಡಿದೆ. ಯಾವಾಗಲೂ ಕೆಳಗೆ, ಯಾವಾಗಲೂ ನಡುವೆ. ಹಳೆಯ ವಿಡಿಯೊದಲ್ಲಿ ಒಮ್ಮೆ ಮೂಲೆ, ಒಮ್ಮೆ ಮೇಲೆ ಇಟ್ಟಿದ್ದೆ, ಅವುಗಳಲ್ಲಿ ಮೂರು ಸಾಲು ಇರುವುದೇ ಅವನಿಗೆ ಗೊತ್ತಿರಲಿಲ್ಲ. ಪ್ರತಿ ಸಾಲು ಕನಿಷ್ಠ 5 ಸೆಕೆಂಡ್ ನಿಲ್ಲುತ್ತದೆ, ಅಕ್ಷರದಲ್ಲಿ ಇರುವುದೆಲ್ಲ ಮಾತಿನಲ್ಲೂ ಬರುತ್ತದೆ. ಸುಟ್ಟ ಅಕ್ಷರವನ್ನು, ಪರದೆ ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಓದುವುದಿಲ್ಲ. ಅಮ್ಮನ ಪೂರ್ತಿ ಮಾತನ್ನು ಬೇರೆಯಾಗಿ ಯೂಟ್ಯೂಬ್‌ನ ಸಬ್‌ಟೈಟಲ್ ಕಡತವಾಗಿ ಹಾಕಿದೆ. ಅದರ ಅಳತೆ, ಬಣ್ಣ, ಹಿನ್ನೆಲೆ ನೋಡುವವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಗೆಳೆಯ ಅದನ್ನೇ ಬಳಸುತ್ತಾನೆ.

ಹೊರಡುವಾಗ ಅವನು ಇನ್ನೊಂದು ಹೇಳಿದ. ಶುರುವಿನಲ್ಲಿ ಬೆಳ್ಳಗಿನ ಪರದೆ ಮಿಂಚಿ ಹೆಸರು ಬರುತ್ತದಲ್ಲ, ಅದಾದ ಮೇಲೆ ಮೊದಲ ದೃಶ್ಯ ಅವನಿಗೆ ಕಾಣುವುದೇ ಇಲ್ಲವಂತೆ, ಕಣ್ಣು ಕೋರೈಸಿ ಹೋಗುತ್ತದೆ. ನಾನು ಹೆಮ್ಮೆಯಿಂದ ಮಾಡಿದ್ದ ಆ ಮೂರು ಸೆಕೆಂಡ್ ಕಪ್ಪಾಯಿತು.

ಮೇ 10–11: ಬಟ್ಟೆ

ಅಕ್ಷರಕ್ಕೆ ಮೂರು ದಿನ ಹಾಕಿದವನು ಚಿತ್ರವನ್ನೇ ಮರೆತಿದ್ದೆ. ದೊಡ್ಡಮ್ಮ ಕೇಳಿದರು: “ಬಿಸಿಲಿಗೆ ಹಾಕಿದಾಳೆ ಅಂತೀಯ, ಬರೀ ಚಾಪೆ ಅಲ್ವಾ ಅದು?” ಹೋಗಿ ಬಣ್ಣ ಅಳೆದೆ. ಚಾಪೆ `#D9C28A`, ಹಪ್ಪಳ `#E8C95A`. ಅನುಪಾತ 1.07. ಸರಿ ಕಣ್ಣಿದ್ದವರಿಗೆ ಅಂಚಿನ ನೆರಳಿನಿಂದ ಗೊತ್ತಾಗುತ್ತದೆ. ದೊಡ್ಡಮ್ಮನಿಗೆ ಅಲ್ಲಿ 40 ಹಪ್ಪಳ ಇಲ್ಲವೇ ಇಲ್ಲ.

ಎಡಿಟಿಂಗ್‌ನಲ್ಲಿ ಬಣ್ಣ ಎಳೆದಾಡಿದೆ. ಕಾಂಟ್ರಾಸ್ಟ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಮತ್ತೆ ಹಿಡಿಯುವುದೇ ದಾರಿ. 140 ರೂಪಾಯಿಗೆ ಕಪ್ಪು ರೆಕ್ಸಿನ್ ತಂದೆ. ಮೇ ತಿಂಗಳ ಬಿಸಿಲಿಗೆ ಅದು ಕನ್ನಡಿಯಾಯಿತು, ಹಪ್ಪಳದ ಸುತ್ತ ಬಿಳಿ ಹೊಳಪು. ದುಡ್ಡು ದಂಡ. ಆಮೇಲೆ ಹೊಳಪಿಲ್ಲದ ಕಡು ಹಸಿರು ಹತ್ತಿ ಬಟ್ಟೆ, ಒಂದೂವರೆ ಮೀಟರ್, 210 ರೂಪಾಯಿ. ಅಮ್ಮ ಬಟ್ಟೆ ನೋಡಿದ ಕೂಡಲೇ “ಬಣ್ಣ ಬಿಟ್ಟರೆ ಹಪ್ಪಳ ಯಾರು ತಿಂತಾರೆ?” ಎಂದರು. ಎರಡು ಸಲ ಒಗೆಸಿ, ಆರೇ ಆರು ಹಪ್ಪಳ ಹಾಕಲು ಒಪ್ಪಿದರು. ಹಸಿರಿನ ಮೇಲೆ ಅನುಪಾತ 7.5. ಉಂಡೆ ಇಟ್ಟು ಒತ್ತುವ ದೃಶ್ಯವನ್ನೂ ಅದೇ ಬಟ್ಟೆಯ ಮೇಲೆ ಮಣೆ ಇಟ್ಟು ಮತ್ತೆ ಹಿಡಿದೆ. ಎರಡೇ ದೃಶ್ಯ, ಒಂದು ಬೆಳಗು. ಅದಾದ ಮೇಲೆ ಅಲ್ಲಿಗೆ ಬರೆದಿದ್ದ ನನ್ನ ವಿವರಣೆಯಲ್ಲಿ ಒಂದನ್ನು ಇನ್ನೂ ಚಿಕ್ಕದು ಮಾಡಿದೆ. ಖರ್ಚು ಅಲ್ಲಿಗೆ ಮೈಕ್, ರೆಕ್ಸಿನ್, ಬಟ್ಟೆ ಸೇರಿ 1000 ರೂಪಾಯಿ, ಬಸ್ ಚಾರ್ಜು ಬಿಟ್ಟು.

ಮೇ 18: ಡಬ್ಬಿ ಬಂತು

ಪರೀಕ್ಷೆಗೆ ನಾನು ಏನೂ ಕೇಳಬಾರದು, ದೊಡ್ಡಮ್ಮ ವಿಡಿಯೊ ನೋಡಿ ಹಪ್ಪಳ ಮಾಡಬೇಕು ಎಂದು ಒಪ್ಪಂದ. ಸೊಸೆ ಹಲಸು ಬಿಡಿಸಿ ಕೊಟ್ಟರು, ಉಳಿದದ್ದೆಲ್ಲ ಅವರೇ. ನಡುವೆ ಎರಡು ಸಲ ಫೋನ್ ಬಂತು. ಒಂದು, ‘ಅಂಚು ಪಾರದರ್ಶಕವಾದರೆ ಒಣಗಿದೆ’ ಎಂಬ ನನ್ನ ಸಾಲಿನ ಬಗ್ಗೆ: “ಅದು ಕಂಡಿದ್ರೆ ನಿನ್ನ ವಿಡಿಯೊ ಯಾಕೆ ಬೇಕಿತ್ತು?” ಉತ್ತರ ಇರಲಿಲ್ಲ. ‘ಬಾಗಿಸಿದರೆ ಪಟ್ಟಂತ ಮುರಿಯಬೇಕು’ ಎಂದು ಬದಲಾಯಿಸಿದೆ. ಆ ಸದ್ದು ಮುಂದೆ ಹೇಗೂ ಇತ್ತು. ಇನ್ನೊಂದು ಫೋನ್ ಮಳೆಯ ಬಗ್ಗೆ, ಅದು ನನ್ನ ಕೈಲಿಲ್ಲ.

ನಾಲ್ಕು ದಿನದ ಮೇಲೆ ಡಬ್ಬಿ ಬಂತು. ರುಚಿ ಸರಿ, ಖಾರ ಸರಿ, ಉಪ್ಪು ಸರಿ. ದಪ್ಪ ಮಾತ್ರ ರೊಟ್ಟಿಯಷ್ಟು. ಕರಿದರೆ ನಡುವೆ ಬೇಯುವುದಿಲ್ಲ, ಅಂಚು ಕರಕಲು. ವಿಡಿಯೊ ತೆಗೆದು ಆ ಜಾಗ ಕೇಳಿದೆ. 5 ನಿಮಿಷ 12ನೇ ಸೆಕೆಂಡಿನಲ್ಲಿ, ನನ್ನದೇ ದನಿಯಲ್ಲಿ: “ತೆಳ್ಳಗೆ, ಇಷ್ಟು.”

ಅಮ್ಮನ 31 ಹುಡುಕಿದವನು ನನ್ನದೊಂದನ್ನು ಹುಡುಕಿರಲಿಲ್ಲ. ಮತ್ತೆ ಕಂಬಳಿ ಹೊದ್ದು ಕೂತು “ಒಂದು ರೂಪಾಯಿ ನಾಣ್ಯದ ದಪ್ಪ, ಅಂಗೈಯಗಲ” ಎಂದು ಹೇಳಿ, ಆ ಮೂರು ಸೆಕೆಂಡ್ ಬದಲಾಯಿಸಿ, ಇನ್ನೊಮ್ಮೆ ರೆಂಡರ್‌ಗೆ ಹಾಕಿದ್ದೇನೆ. ದೊಡ್ಡಮ್ಮ ಇನ್ನೊಂದು ಹಲಸಿನಕಾಯಿ ಇಳಿಸಿ ಇಟ್ಟಿದ್ದಾರಂತೆ.